ಮಜ್ಜೆಯ ಒಂದು ದೈತ್ಯಕೋಶ ಸಾವಿರಾರು ಪ್ಲೇಟ್‌ಲೆಟ್‌ಗಳಾಗುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲ ಮುಗಿಯುವ ಹೊತ್ತಿಗೆ ಕಲಬುರಗಿಯ ಆಸ್ಪತ್ರೆಗಳ ಮೊಗಸಾಲೆಗಳಲ್ಲಿ ಎಲ್ಲರ ಬಾಯಲ್ಲೂ ಪ್ಲೇಟ್‌ಲೆಟ್ ಸಂಖ್ಯೆಯೇ ಇರುತ್ತದೆ. ಡೆಂಗ್ಯೂ ರೋಗಿಗಳ ಮನೆಯವರು ರಕ್ತ ಪರೀಕ್ಷೆಯ ವರದಿ ಹಿಡಿದು ಕೇಳಿದ ಪ್ರಶ್ನೆಗಳು, ಹುಮನಾಬಾದ್ ಮತ್ತು ಶಹಾಪುರ ಕಡೆಯ ಓದುಗರು ಪತ್ರದಲ್ಲಿ ಕೇಳಿದವು, ವೈದ್ಯಕೀಯ ಹಾಗೂ ಪ್ರಯೋಗಾಲಯ ತಂತ್ರಜ್ಞಾನದ ವಿದ್ಯಾರ್ಥಿಗಳು ಮತ್ತೆ ಮತ್ತೆ ಎತ್ತಿದವು ಇಲ್ಲಿ ಸೇರಿವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸರಳವಾದವು ಮೊದಲಿಗೆ ಬಂದಿವೆ, ಆಳವಾದವು ಕೊನೆಯಲ್ಲಿವೆ.

## ಮೊದಲು ಕೇಳುವವು

ಪ್ಲೇಟ್‌ಲೆಟ್ ಅಂದ್ರ ಬಿಳಿ ರಕ್ತಕಣನೇ ಅಲ್ಲೇನ್ರೀ?

ಅಲ್ಲ. ಬಿಳಿ ರಕ್ತಕಣವು ಕೋಶಕೇಂದ್ರವಿರುವ ಪೂರ್ಣ ಕೋಶ, ಅದರ ಕೆಲಸ ಸೋಂಕಿನ ವಿರುದ್ಧ ಹೋರಾಡುವುದು. ಪ್ಲೇಟ್‌ಲೆಟ್ ಪೂರ್ಣ ಕೋಶವೇ ಅಲ್ಲ. ಅದು ಬೇರೊಂದು ಕೋಶದಿಂದ ಕಳಚಿಕೊಂಡ, ಕೋಶಕೇಂದ್ರವಿಲ್ಲದ, ಎರಡರಿಂದ ಮೂರು ಮೈಕ್ರಾನ್ ಅಗಲದ ಚಪ್ಪಟೆ ತುಣುಕು. ರಕ್ತನಾಳಕ್ಕೆ ಗಾಯವಾದ ಜಾಗಕ್ಕೆ ಅಂಟಿಕೊಂಡು, ಒಂದಕ್ಕೊಂದು ಹೆಣೆದುಕೊಂಡು ರಕ್ತಸ್ರಾವವನ್ನು ತಡೆಯುವುದು ಅದರ ಮುಖ್ಯ ಕೆಲಸ. ಆರೋಗ್ಯವಂತರ ಪ್ರತಿ ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್‌ಗಳಿರುತ್ತವೆ, ಮತ್ತು ಪ್ರತಿಯೊಂದೂ 7ರಿಂದ 10 ದಿನ ಬದುಕುತ್ತದೆ. ವರದಿಯಲ್ಲಿ ಎರಡೂ ಎಣಿಕೆಗಳು ಒಂದೇ ಹಾಳೆಯ ಮೇಲಿರುವುದರಿಂದ ಈ ಗೊಂದಲ ಹುಟ್ಟುತ್ತದೆ, ಆದರೆ ಡೆಂಗ್ಯೂವಿನಲ್ಲಿ ಎರಡೂ ಕಡಿಮೆಯಾಗಬಲ್ಲವಾದ್ದರಿಂದ ಯಾವುದು ಎಷ್ಟಿದೆ ಎಂದು ಬೇರೆಬೇರೆಯಾಗಿಯೇ ನೋಡಬೇಕು.

ಆ ದೊಡ್ಡ ಕೋಶ ಎಲ್ಲಿರ್ತದ? ರಕ್ತ ಪರೀಕ್ಷಾದಾಗ ಯಾಕ ಕಾಣಂಗಿಲ್ಲ?

ಮೆಗಾಕ್ಯಾರಿಯೋಸೈಟ್ ಎಂದು ಕರೆಯುವ ಈ ಕೋಶವು ವಯಸ್ಕರಲ್ಲಿ ಸೊಂಟದ ಮೂಳೆ, ಎದೆಮೂಳೆ, ಬೆನ್ನುಮೂಳೆಗಳಂಥ ಕಡೆ, ಮೂಳೆಯೊಳಗಿನ ಕೆಂಪು ಮಜ್ಜೆಯಲ್ಲಿರುತ್ತದೆ. ಅಲ್ಲಿಯೂ ಅದು ಅಪರೂಪವೇ, ಏಕೆಂದರೆ ಮಜ್ಜೆಯ ಸುಮಾರು ಹತ್ತು ಸಾವಿರ ಕೋಶಗಳಿಗೆ ಒಂದರಂತೆ ಸಿಗುತ್ತದೆ. ಆದರೆ ಗಾತ್ರ ಮಾತ್ರ ಕಣ್ಣಿಗೆ ಹೊಡೆಯುವಂಥದ್ದು: ಕೆಂಪು ರಕ್ತಕಣವು ಏಳೆಂಟು ಮೈಕ್ರಾನ್ ಅಗಲವಿದ್ದರೆ ಪಕ್ವವಾದ ಮೆಗಾಕ್ಯಾರಿಯೋಸೈಟ್ 50 ಮೈಕ್ರಾನ್ ದಾಟಬಹುದು, ಕೆಲವು 100ರ ಹತ್ತಿರವೂ ಹೋಗುತ್ತವೆ. ಅದಕ್ಕೇ ಮಜ್ಜೆಯ ಲೇಪವನ್ನು ನೋಡುವವರು ಹೆಚ್ಚು ವರ್ಧನೆಯ ಮಸೂರಕ್ಕೆ ಹೋಗುವ ಮುನ್ನ, ಕಡಿಮೆ ವರ್ಧನೆಯಲ್ಲೇ ಗಾಜಿನ ಪಟ್ಟಿಯ ಅಂಚುಗಳನ್ನು ಸುತ್ತಾಡಿ ಇವನ್ನು ಎಣಿಸಿಬಿಡುತ್ತಾರೆ.

ಇಷ್ಟು ದೊಡ್ಡ ಕೋಶವು ರಕ್ತಕುಹರಗಳೆಂಬ, ಮಜ್ಜೆಯ ಅಗಲವಾದ ಕಿರುರಕ್ತನಾಳಗಳ ಗೋಡೆಗೆ ಹೊರಗಿನಿಂದ ಒತ್ತಿಕೊಂಡು ಕೂತಿರುತ್ತದೆ, ಸಾಮಾನ್ಯವಾಗಿ ತಾನು ಇಡಿಯಾಗಿ ರಕ್ತಕ್ಕೆ ಇಳಿಯದೆ ತನ್ನ ತುಣುಕುಗಳನ್ನು ಮಾತ್ರ ಇಳಿಸುತ್ತದೆ. ಕೈಯಿಂದ ತೆಗೆದ ರಕ್ತದಲ್ಲಿ ಅದು ಕಾಣದಿರುವುದಕ್ಕೆ ಇದೇ ಕಾರಣ. ಈ ಎರಡರ ಸಂಬಂಧವನ್ನು ಮೊದಲು ತೋರಿಸಿದವರು ಅಮೆರಿಕದ ಜೇಮ್ಸ್ ಹೋಮರ್ ರೈಟ್. ತಾವೇ ಸಿದ್ಧಪಡಿಸಿದ ಬಣ್ಣದಲ್ಲಿ ಮೆಗಾಕ್ಯಾರಿಯೋಸೈಟಿನ ಕೋಶದ್ರವ್ಯವೂ ಪ್ಲೇಟ್‌ಲೆಟ್ಟಿನ ಒಳಭಾಗವೂ ಒಂದೇ ರೀತಿ ಬಣ್ಣ ಹಿಡಿಯುವುದನ್ನು ಗಮನಿಸಿ, 1906ರಲ್ಲಿ ಅವರು ಒಂದು ಇನ್ನೊಂದರ ತುಣುಕೆಂದು ಹೇಳಿದರು.

ಒಂದು ದಿನಕ್ಕ ಎಷ್ಟು ಪ್ಲೇಟ್‌ಲೆಟ್ ತಯಾರಾಗಬೇಕು?

ಇದನ್ನು ಮನೆಯಲ್ಲೇ ಲೆಕ್ಕ ಹಾಕಬಹುದು. ಒಬ್ಬ ವಯಸ್ಕರಲ್ಲಿ ಐದು ಲೀಟರ್, ಅಂದರೆ 50 ಲಕ್ಷ ಮೈಕ್ರೋಲೀಟರ್ ರಕ್ತವಿದೆ ಎನ್ನೋಣ. ಪ್ರತಿ ಮೈಕ್ರೋಲೀಟರಿಗೆ ಎರಡೂವರೆ ಲಕ್ಷದಂತೆ ಒಟ್ಟು 1,25,000 ಕೋಟಿ ಪ್ಲೇಟ್‌ಲೆಟ್‌ಗಳಾಗುತ್ತವೆ. ಹತ್ತು ದಿನಕ್ಕೊಮ್ಮೆ ಇಡೀ ಸಂಗ್ರಹ ಹೊಸದಾಗಬೇಕಾದ್ದರಿಂದ ದಿನಕ್ಕೆ 12,500 ಕೋಟಿ ಬೇಕು. ಒಟ್ಟು ಪ್ಲೇಟ್‌ಲೆಟ್‌ಗಳಲ್ಲಿ ಮೂರನೇ ಒಂದು ಪಾಲು ಗುಲ್ಮದಲ್ಲಿ ತಂಗಿರುವುದನ್ನೂ ಸೇರಿಸಿದರೆ ಈ ಅಂಕಿ ಇನ್ನೂ ಅರ್ಧದಷ್ಟು ಏರುತ್ತದೆ. ಒಂದು ಮೆಗಾಕ್ಯಾರಿಯೋಸೈಟ್ ಸುಮಾರು ಸಾವಿರದಿಂದ ಮೂರು ಸಾವಿರ ಪ್ಲೇಟ್‌ಲೆಟ್ ಕೊಡುತ್ತದೆಂಬ ಅಂದಾಜಿದೆ. ಎರಡು ಸಾವಿರವೆಂದು ಹಿಡಿದರೆ, ಗುಲ್ಮದ ಪಾಲನ್ನು ಬಿಟ್ಟರೂ, ದಿನವೊಂದಕ್ಕೆ ಆರು ಕೋಟಿಗೂ ಮಿಕ್ಕಿ ದೈತ್ಯಕೋಶಗಳು ತಮ್ಮನ್ನೇ ಕರಗಿಸಿಕೊಳ್ಳಬೇಕಾಗುತ್ತದೆ.

## ಕೋಶ ಪಕ್ವವಾಗುವ ಬಗೆ

ಬೇರೆ ಕೋಶಗಳು ಒಂದಿದ್ದದ್ದು ಎರಡಾಗ್ತಾವ. ಇದು ಮಾತ್ರ ಯಾಕ ಒಂದೇ ಆಗಿ ಬೆಳೀತದ?

ವಿಭಜನೆಯ ಕೊನೆಯ ಹೆಜ್ಜೆಯನ್ನು ಅದು ಬೇಕೆಂದೇ ಕೈಬಿಡುತ್ತದೆ. ಸಾಮಾನ್ಯ ಕೋಶವು ಮೊದಲು ವರ್ಣತಂತುಗಳನ್ನು ನಕಲು ಮಾಡಿ, ನಕಲುಗಳನ್ನು ಎರಡು ತುದಿಗೆ ಎಳೆದು, ನಡುವನ್ನು ಬಿಗಿದು ಎರಡಾಗುತ್ತದೆ. ಮೆಗಾಕ್ಯಾರಿಯೋಸೈಟ್ ನಕಲು ಮಾಡುತ್ತದೆ, ಎಳೆಯುವುದಕ್ಕೂ ಶುರುಮಾಡುತ್ತದೆ, ಆರಂಭದ ಸುತ್ತುಗಳಲ್ಲಿ ನಡುವೆ ಬಿಗಿತದ ಗೀರು ಕೂಡ ಮೂಡುತ್ತದೆ. ಆದರೆ ಆ ಬಿಗಿತ ಪೂರ್ತಿಯಾಗದೆ ಸಡಿಲಗೊಂಡು, ಎರಡಾಗಬೇಕಿದ್ದ ಕೋಶ ಮತ್ತೆ ಒಂದಾಗಿ ಕೂಡಿಕೊಳ್ಳುತ್ತದೆ. ಬಿಗಿಯುವ ಪಟ್ಟಿಯಲ್ಲಿ ಕೆಲಸ ಮಾಡುವ ಒಂದು ಬಗೆಯ ಮಯೋಸಿನ್ ಪ್ರೋಟೀನಿನ ಜೀನನ್ನು, ಅಂದರೆ MYH10 ಅನ್ನು, ಪಕ್ವವಾಗುತ್ತಿರುವ ಕೋಶದಲ್ಲಿ RUNX1 ಎಂಬ ನಿಯಂತ್ರಕ ಪ್ರೋಟೀನು ಸುಮ್ಮನಾಗಿಸುವುದು ಇದಕ್ಕೆ ಒಂದು ಕಾರಣ.

ಹೀಗೆ ಸುತ್ತು ಸುತ್ತಿಗೂ ವರ್ಣತಂತುಗಳ ಪೂರ್ಣ ಗಣಗಳು ದ್ವಿಗುಣವಾಗುತ್ತವೆ: 2 ಇದ್ದದ್ದು 4, 8, 16. ವಯಸ್ಕರ ಮಜ್ಜೆಯಲ್ಲಿ 16 ಗಣಗಳ ಕೋಶಗಳೇ ಹೆಚ್ಚು, 64 ಅಥವಾ 128 ಮುಟ್ಟುವವೂ ಇವೆ. ಇಷ್ಟೂ ಒಂದೇ ಪೊರೆಯೊಳಗೆ, ಹಲವು ಹಾಲೆಗಳ ಒಂದೇ ಕೋಶಕೇಂದ್ರವಾಗಿ ಉಳಿಯುತ್ತದೆ. ಪ್ರತಿ ಜೀನಿನ ಹಲವು ಪ್ರತಿಗಳು ಒಮ್ಮೆಗೇ ಕೆಲಸ ಮಾಡುವುದರಿಂದ ಸಾವಿರಾರು ತುಣುಕುಗಳಿಗೆ ಸಾಲುವಷ್ಟು ಪ್ರೋಟೀನು ಮತ್ತು ಪೊರೆ ಕೆಲವೇ ದಿನಗಳಲ್ಲಿ ತಯಾರಾಗುತ್ತದೆ.

ಕೋಶಕೇಂದ್ರದ ಬೆಳವಣಿಗೆ ಮತ್ತು ಕೋಶದ್ರವ್ಯದ ಪಕ್ವತೆ ಎರಡೂ ಒಂದೇ ಎಂದು ವಿದ್ಯಾರ್ಥಿಗಳು ಬರೆಯುವುದುಂಟು, ಅದು ಸರಿಯಲ್ಲ. ನವಜಾತ ಶಿಶುಗಳ ಮೆಗಾಕ್ಯಾರಿಯೋಸೈಟ್‌ಗಳು ಚಿಕ್ಕವು, ವರ್ಣತಂತುಗಳ ಪ್ರತಿಗಳೂ ಕಡಿಮೆ, ಆದರೂ ಕೋಶದ್ರವ್ಯ ಪಕ್ವವಾಗಿದ್ದು ಅವು ಪ್ಲೇಟ್‌ಲೆಟ್‌ಗಳನ್ನು ಉದುರಿಸುತ್ತವೆ. ಪ್ರತಿ ಕೋಶದ ಇಳುವರಿ ಮಾತ್ರ ಕಡಿಮೆ.

ಒಂದು ಕೋಶ ಒಡೆದು ಎರಡು ಸಾವಿರ ಆಗೂದಾದ್ರ, ಅಷ್ಟಕ್ಕೂ ಹೊರಪೊರೆ ಎಲ್ಲಿಂದ ಬರ್ತದ?

ಇಡೀ ವಿಷಯದ ತಿರುಳು ಈ ಪ್ರಶ್ನೆಯಲ್ಲಿದೆ, ಆದ್ದರಿಂದ ಸ್ವಲ್ಪ ನಿಂತು ಲೆಕ್ಕ ಹಾಕೋಣ. 40 ಮೈಕ್ರಾನ್ ವ್ಯಾಸದ ಒಂದು ಮೆಗಾಕ್ಯಾರಿಯೋಸೈಟನ್ನು ದುಂಡಗಿನ ಗೋಳವೆಂದು ತಿಳಿದರೆ ಅದರ ಗಾತ್ರ ಸುಮಾರು 33,500 ಘನ ಮೈಕ್ರಾನ್. ಒಂದು ಪ್ಲೇಟ್‌ಲೆಟ್ಟಿನ ಗಾತ್ರ ಸುಮಾರು 9 ಘನ ಮೈಕ್ರಾನ್, ರಕ್ತದ ವರದಿಯಲ್ಲಿ MPV ಎಂದು ಬರುವುದು ಇದೇ ಅಂಕಿ. ಎರಡು ಸಾವಿರಕ್ಕೆ 18,000 ಆಗುತ್ತದೆ. ಕೋಶಕೇಂದ್ರಕ್ಕೆ ಜಾಗ ಬಿಟ್ಟರೂ ಒಳಗಿನ ಸರಕು ಸಾಲುತ್ತದೆ.

ಮೇಲ್ಮೈಯ ಲೆಕ್ಕ ಮಾತ್ರ ಹೀಗೆ ಹೊಂದುವುದಿಲ್ಲ. ಅದೇ ಗೋಳದ ಮೇಲ್ಮೈ ಸುಮಾರು 5,000 ಚದರ ಮೈಕ್ರಾನ್. ಎರಡೂವರೆ ಮೈಕ್ರಾನ್ ಅಗಲದ ಒಂದು ಚಪ್ಪಟೆ ಪ್ಲೇಟ್‌ಲೆಟ್ಟಿನ ಎರಡೂ ಮುಖಗಳನ್ನು ಸೇರಿಸಿದರೆ ಹತ್ತು ಚದರ ಮೈಕ್ರಾನ್ ಆಗುವುದರಿಂದ, ಎರಡು ಸಾವಿರಕ್ಕೆ 20,000 ಬೇಕು. ಅಂದರೆ ಹೊರಗೆ ಕಾಣುವ ಪೊರೆಯ ನಾಲ್ಕು ಪಟ್ಟು. ಜೋಳದ ಹಿಟ್ಟಿನ ಒಂದು ದೊಡ್ಡ ಮುದ್ದೆಯನ್ನು ಹಲವು ರೊಟ್ಟಿಗಳಾಗಿ ಬಡಿದಾಗ ಹಿಟ್ಟು ಅಷ್ಟೇ ಇದ್ದು ಮೇಲ್ಮೈ ಮಾತ್ರ ಹೆಚ್ಚುವುದು ಇದೇ ರೀತಿ, ಆದರೆ ಹಿಟ್ಟಿನಂತೆ ಕೋಶದ ಪೊರೆಯನ್ನು ಹಿಗ್ಗಿಸಲಾಗುವುದಿಲ್ಲ. ಪೊರೆ ತನ್ನ ಮೇಲ್ಮೈಯ ಕೆಲವೇ ಪ್ರತಿಶತಕ್ಕಿಂತ ಹೆಚ್ಚು ಹಿಗ್ಗಿದರೆ ಹರಿದುಹೋಗುತ್ತದೆ.

ಹೀಗಾಗಿ ಕೊರತೆಯ ಮೂರು ಪಾಲನ್ನು ಕೋಶ ಮೊದಲೇ ಕೂಡಿಟ್ಟುಕೊಂಡಿರಬೇಕು. ಪಕ್ವವಾಗುವಾಗ ಹೊರಪೊರೆಯು ಕೋಶಕೇಂದ್ರದ ಹತ್ತಿರದವರೆಗೆ ಒಳಮಡಿಚಿಕೊಳ್ಳುತ್ತದೆ, ಕೋಶದೊಳಗೆ ತಯಾರಾದ ಹೊಸ ಪೊರೆಯ ಚೀಲಗಳು ಆ ಮಡಿಕೆಗಳಿಗೆ ಕೂಡಿಕೊಳ್ಳುತ್ತವೆ, ಮತ್ತು ಇಡೀ ಕೋಶದ್ರವ್ಯದ ತುಂಬ ಕೊಳವೆ ಹಾಗೂ ಹಾಳೆಗಳ ಜಾಲ ಹರಡುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ಜಾಲವು ಕೋಶವನ್ನು ಪುಟ್ಟ ಪುಟ್ಟ ಗಡಿಗಳಾಗಿ ಹೆಚ್ಚಿಟ್ಟಂತೆ ಕಾಣುವುದರಿಂದ, ಇವೇ ಮುಂದಿನ ಪ್ಲೇಟ್‌ಲೆಟ್‌ಗಳ ಎಲ್ಲೆಗಳೆಂದೂ ಕೋಶವು ಈ ಗೆರೆಗುಂಟ ಚೂರಾಗುತ್ತದೆಂದೂ ಬಹುಕಾಲ ಭಾವಿಸಲಾಗಿತ್ತು. ಗೆರೆಗಳಂತೆ ಕಂಡದ್ದು ಮುಂದೆ ಬಿಚ್ಚಿಕೊಳ್ಳಲು ಮಡಿಚಿಟ್ಟ ಪೊರೆಯ ದಾಸ್ತಾನು ಎಂಬುದೇ ಈಗ ಹೆಚ್ಚು ಒಪ್ಪಿಗೆಯಾಗಿರುವ ಅಭಿಪ್ರಾಯ. ಮೇಲಿನ ಲೆಕ್ಕವೂ ಅದನ್ನೇ ಬೇಡುತ್ತದೆ ಎಂದು ನನಗನ್ನಿಸುತ್ತದೆ.

ಪ್ಲೇಟ್‌ಲೆಟ್ಟಿನೊಳಗಿನ ಸರಕೆಲ್ಲ ಮೊದಲೇ ತುಂಬಿರ್ತದೇನು?

ಬಹುಪಾಲು ಹೌದು. ಕೋಶಕೇಂದ್ರವಿಲ್ಲದ ಪ್ಲೇಟ್‌ಲೆಟ್ ಹೊಸ ಜೀನ್ ಸಂದೇಶಗಳನ್ನು ಬರೆಯಲಾರದು, ಆದ್ದರಿಂದ ಗಾಯದಲ್ಲಿ ಸುರಿಸಬೇಕಾದ ಪದಾರ್ಥಗಳನ್ನು ತಾಯಿಕೋಶವೇ ಕಣಿಕೆಗಳೆಂಬ ಪುಟ್ಟ ಚೀಲಗಳಲ್ಲಿ ತುಂಬಿ ಕಳುಹಿಸುತ್ತದೆ. ಫಾನ್ ವಿಲೆಬ್ರಾಂಡ್ ಅಂಶದಂಥ ಪ್ರೋಟೀನುಗಳನ್ನು ಅದು ತಾನೇ ತಯಾರಿಸುತ್ತದೆ. ಫೈಬ್ರಿನೋಜನ್ ಮಾತ್ರ ಯಕೃತ್ತಿನ ತಯಾರಿಕೆ, ಅದನ್ನು ರಕ್ತದ್ರವದಿಂದ ಹೀರಿ ಕಣಿಕೆಗೆ ಸೇರಿಸಿಕೊಳ್ಳಲಾಗುತ್ತದೆ. NBEAL2 ಜೀನಿನ ದೋಷವಿರುವವರಲ್ಲಿ ಈ ಪ್ರೋಟೀನುಗಳನ್ನು ಹೊರುವ ಆಲ್ಫಾ ಕಣಿಕೆಗಳು ತುಂಬಿ ನಿಲ್ಲುವುದಿಲ್ಲ, ಅವರ ಪ್ಲೇಟ್‌ಲೆಟ್‌ಗಳು ರಕ್ತಲೇಪದಲ್ಲಿ ಖಾಲಿಖಾಲಿಯಾಗಿ ಬೂದು ಬಣ್ಣದವಾಗಿ ಕಾಣುತ್ತವೆ.

## ಉದುರುವ ಗಳಿಗೆ

ಕೊನೀಗೆ ಅದು ಪಟ್ಟಂತ ಒಡೀತದೋ, ಸಾವಕಾಶ ಉದುರ್ತದೋ?

ಸಾಮಾನ್ಯ ಸ್ಥಿತಿಯಲ್ಲಿ ಅದು ಸಾವಕಾಶವಾಗಿ ತನ್ನನ್ನು ಎಳೆಗಳಾಗಿ ಚಾಚಿಕೊಳ್ಳುತ್ತದೆ. ರಕ್ತದಲ್ಲಿ ಸ್ಫಿಂಗೊಸಿನ್-1-ಫಾಸ್ಫೇಟ್ ಎಂಬ ಕೊಬ್ಬಿನಂಶ ಮಜ್ಜೆಗಿಂತ ಹೆಚ್ಚಾಗಿರುತ್ತದೆ. ಕೋಶವು ಆ ಹೆಚ್ಚಳದ ದಿಕ್ಕನ್ನು ಗುರುತಿಸಿ, ರಕ್ತಕುಹರದ ಗೋಡೆಯನ್ನು ದಾಟಿ, ಒಳಗೆ ಹರಿಯುತ್ತಿರುವ ರಕ್ತದೊಳಕ್ಕೆ ಉದ್ದನೆಯ ಚಾಚುಗಳನ್ನು ಇಳಿಬಿಡುತ್ತದೆ. ಇವುಗಳ ಹೆಸರು ಪ್ರೊಪ್ಲೇಟ್‌ಲೆಟ್. ಪಾತ್ರೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಒಂದೊಂದು ಚಾಚು ನೂರಾರು ಮೈಕ್ರಾನ್ ಉದ್ದವಾಗುವುದನ್ನು ನೋಡಬಹುದು, ಮತ್ತು ಇಡೀ ಕೆಲಸ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ.

ಚಾಚನ್ನು ಉದ್ದ ಮಾಡುವ ಬಲ ಬರುವುದು ಅದರೊಳಗಿನ ಸೂಕ್ಷ್ಮನಾಳಿಕೆಗಳ ಕಟ್ಟಿನಿಂದ. ಟ್ಯೂಬುಲಿನ್ ಪ್ರೋಟೀನಿನ ಈ ಕಡ್ಡಿಗಳನ್ನು ಡೈನೀನ್ ಎಂಬ ಚಾಲಕ ಪ್ರೋಟೀನು ಒಂದರ ಮೇಲೊಂದು ಜಾರಿಸುತ್ತದೆ, ಕಟ್ಟು ಉದ್ದವಾದಂತೆ ಚಾಚೂ ಉದ್ದವಾಗುತ್ತದೆ. ಅದೇ ಕಡ್ಡಿಗಳ ಮೇಲೆ ಕಣಿಕೆಗಳೂ ಮೈಟೊಕಾಂಡ್ರಿಯಗಳೂ ತುದಿಯತ್ತ ಸಾಗುತ್ತವೆ. ಪ್ಲೇಟ್‌ಲೆಟ್ ಪೂರ್ಣ ರೂಪ ಪಡೆಯುವುದು ತುದಿಯಲ್ಲಿ, ಏಕೆಂದರೆ ಅಲ್ಲಿಯೇ ಸೂಕ್ಷ್ಮನಾಳಿಕೆ ಬಳೆಯಾಕಾರಕ್ಕೆ ತಿರುಗಿ ಚಪ್ಪಟೆ ಅಂಚನ್ನು ಕಟ್ಟಿಕೊಡುತ್ತದೆ. ತುದಿಗಳು ಕಡಿಮೆಯಿದ್ದರೆ ಇಳುವರಿಯೂ ಕಡಿಮೆಯಾಗಬೇಕಿತ್ತು, ಆದರೆ ಆಕ್ಟಿನ್ ಎಳೆಗಳು ಚಾಚನ್ನು ಅಲ್ಲಲ್ಲಿ ಬಗ್ಗಿಸಿ ಕವಲೊಡೆಯಿಸುವುದರಿಂದ ಒಂದೇ ಕೋಶಕ್ಕೆ ಬಹಳಷ್ಟು ತುದಿಗಳು ಸಿಗುತ್ತವೆ.

2007ರಲ್ಲಿ ಬದುಕಿರುವ ಇಲಿಯ ತಲೆಬುರುಡೆಯ ಮಜ್ಜೆಯನ್ನು ಸೂಕ್ಷ್ಮದರ್ಶಕದಲ್ಲಿ ನೇರವಾಗಿ ನೋಡಿದಾಗ, ಹರಿಯುವ ರಕ್ತದ ಸೆಳೆತಕ್ಕೆ ಪ್ಲೇಟ್‌ಲೆಟ್‌ಗಿಂತ ಬಹಳ ದೊಡ್ಡ ತುಂಡುಗಳು ಕಿತ್ತುಕೊಂಡು ಹೋಗುವುದು ಕಂಡಿತು. ಅಂದರೆ ಕೊನೆಯ ಹಂತದ ಕತ್ತರಿಸುವಿಕೆ ಮಜ್ಜೆಯ ಹೊರಗೆ, ರಕ್ತಪ್ರವಾಹದಲ್ಲೇ ನಡೆಯುತ್ತದೆ: ದೊಡ್ಡ ತುಂಡು ನಡುವೆ ಸಣ್ಣಗಾಗಿ, ಎರಡೂ ತುದಿಗಳಲ್ಲಿ ಉಬ್ಬಿ, ಎರಡು ಪ್ಲೇಟ್‌ಲೆಟ್‌ಗಳಾಗುತ್ತದೆ. ತುರ್ತು ಉರಿಯೂತದಲ್ಲಿ ಇಂಟರ್‌ಲ್ಯೂಕಿನ್-1-ಆಲ್ಫಾದ ಪ್ರಭಾವದಿಂದ ಕೋಶ ಒಮ್ಮೆಗೇ ಹರಿದು ತುಣುಕಾಗುವುದನ್ನೂ ಇಲಿಗಳಲ್ಲಿ ತೋರಿಸಲಾಗಿದೆ. ಚಾಚುಗಳಿಗಿಂತ ಪೊರೆಯ ಮೇಲಿನ ನೇರ ಮೊಗ್ಗುಗಳಿಂದಲೇ ಹೆಚ್ಚು ಪ್ಲೇಟ್‌ಲೆಟ್ ಬರುತ್ತವೆಂಬ ವಾದವನ್ನೂ ಒಂದು ಗುಂಪು ಮುಂದಿಟ್ಟಿದೆ, ಚರ್ಚೆ ಮುಗಿದಿಲ್ಲ.

ಪ್ಲೇಟ್‌ಲೆಟ್ ಪುಪ್ಪುಸದಾಗ ತಯಾರಾಗ್ತಾವಂತ ಓದಿದೆ. ಖರೆ ಏನು?

ಇಲಿಗಳಲ್ಲಿ ಖರೆ. ಮಜ್ಜೆಯಿಂದ ಹೊರಟ ಇಡೀ ಮೆಗಾಕ್ಯಾರಿಯೋಸೈಟ್‌ಗಳು ಪುಪ್ಪುಸದ ಕಿರುರಕ್ತನಾಳಗಳಲ್ಲಿ ಸಿಕ್ಕಿಕೊಂಡು ಅಲ್ಲಿ ಪ್ಲೇಟ್‌ಲೆಟ್ ಉದುರಿಸುವುದನ್ನು 2017ರಲ್ಲಿ ಚಿತ್ರೀಕರಿಸಲಾಯಿತು, ಒಟ್ಟು ಉತ್ಪಾದನೆಯ ಅರ್ಧದಷ್ಟು ಅಲ್ಲಿಯೇ ಆಗುತ್ತದೆಂದು ಆ ತಂಡ ಅಂದಾಜಿಸಿತು. ಮನುಷ್ಯರ ಪುಪ್ಪುಸದಲ್ಲೂ ಮೆಗಾಕ್ಯಾರಿಯೋಸೈಟ್‌ಗಳು ಸಿಗುತ್ತವೆ, ಆದರೆ ಅವುಗಳ ಪಾಲು ಅಷ್ಟೇ ದೊಡ್ಡದೆಂದು ಇದರಿಂದ ಹೇಳಲಾಗದು.

ಎಲ್ಲಾ ಉದುರಿದ ಮ್ಯಾಲ ಉಳಿದದ್ದು ಏನಾಗ್ತದ?

ಬರಿದಾದ ಕೋಶಕೇಂದ್ರ ಉಳಿಯುತ್ತದೆ, ಅದನ್ನು ಭಕ್ಷಕಕೋಶಗಳು ನುಂಗಿ ಕರಗಿಸುತ್ತವೆ.

## ಸಂಖ್ಯೆ, ಸಮಯ ಮತ್ತು ದೋಷ

ಪ್ಲೇಟ್‌ಲೆಟ್ ಕಡಿಮೆ ಆಗ್ಯಾವಂತ ಮಜ್ಜೆಗೆ ಯಾರು ಹೇಳ್ತಾರ?

ಯಕೃತ್ತು ತಯಾರಿಸುವ ಥ್ರಾಂಬೊಪೊಯೆಟಿನ್ ಎಂಬ ಹಾರ್ಮೋನು ಹೇಳುತ್ತದೆ. 1994ರಲ್ಲಿ ಹಲವು ತಂಡಗಳು ಹೆಚ್ಚುಕಡಿಮೆ ಒಟ್ಟಿಗೇ ಇದನ್ನು ಗುರುತಿಸಿದವು. ಯಕೃತ್ತು ಇದನ್ನು ಬಹುಮಟ್ಟಿಗೆ ಒಂದೇ ಪ್ರಮಾಣದಲ್ಲಿ ಬಿಡುತ್ತಿರುತ್ತದೆ, ಮತ್ತು ಪ್ಲೇಟ್‌ಲೆಟ್‌ಗಳೇ ಅದನ್ನು ಹಿಡಿದು ನುಂಗಿ ನಾಶ ಮಾಡುತ್ತವೆ. ಪ್ಲೇಟ್‌ಲೆಟ್ ಕಡಿಮೆಯಾದರೆ ನುಂಗುವವರು ಕಡಿಮೆಯಾಗಿ, ಹಾರ್ಮೋನು ರಕ್ತದಲ್ಲಿ ಹೆಚ್ಚಿ, ಮಜ್ಜೆಯ ಮೂಲಕೋಶಗಳನ್ನು ಹುರಿದುಂಬಿಸಿ ಹೆಚ್ಚು ಮೆಗಾಕ್ಯಾರಿಯೋಸೈಟ್‌ಗಳನ್ನು ಹುಟ್ಟಿಸುತ್ತದೆ ಮತ್ತು ದೊಡ್ಡದಾಗಿಸುತ್ತದೆ.

ಇದನ್ನು ತಿಳಿದರೆ ಒಂದು ವಿಚಿತ್ರ ಅರ್ಥವಾಗುತ್ತದೆ. ಮಜ್ಜೆಯೇ ಬರಿದಾದ ಅಪ್ಲಾಸ್ಟಿಕ್ ರಕ್ತಹೀನತೆಯಲ್ಲಿ ಹಾರ್ಮೋನಿನ ಮಟ್ಟ ಬಹಳ ಏರಿರುತ್ತದೆ. ಪ್ರತಿಕಾಯಗಳು ಪ್ಲೇಟ್‌ಲೆಟ್‌ಗಳನ್ನು ನಾಶಪಡಿಸುವ ಐಟಿಪಿ ಕಾಯಿಲೆಯಲ್ಲಿ ಎಣಿಕೆ ಅಷ್ಟೇ ಕಡಿಮೆಯಿದ್ದರೂ ಮಟ್ಟ ಸಾಧಾರಣ ಅಥವಾ ತುಸು ಮಾತ್ರ ಹೆಚ್ಚು. ಅಲ್ಲಿ ಮೆಗಾಕ್ಯಾರಿಯೋಸೈಟ್‌ಗಳು ಮಜ್ಜೆಯಲ್ಲಿ ಸಾಕಷ್ಟಿವೆ, ಹುಟ್ಟಿದ ಪ್ಲೇಟ್‌ಲೆಟ್‌ಗಳೂ ಬೇಗ ಸಾಯುವ ಮುನ್ನ ಹಾರ್ಮೋನನ್ನು ಹಿಡಿದುಕೊಂಡೇ ಸಾಯುತ್ತವೆ. ಇಂಥವರಿಗೆ ಕೊಡುವ ಎಲ್ಟ್ರೊಂಬೊಪಾಗ್ ಮಾತ್ರೆ ಅದೇ ಹಾರ್ಮೋನಿನ ಗ್ರಾಹಕವನ್ನು ಎಬ್ಬಿಸುತ್ತದೆ.

ನಮ್ಮ ತಂಗಿಗೆ ಡೆಂಗ್ಯೂ. ಎರಡು ದಿನದಿಂದ ಸಂಖ್ಯೆ ಏರವಲ್ದು. ಪಪ್ಪಾಯಿ ಎಲಿ ರಸ ಕೊಟ್ರ ಏರ್ತದೇನ್ರೀ?

ಮಜ್ಜೆ ಎಷ್ಟು ಸಮಯ ತೆಗೆದುಕೊಳ್ಳುತ್ತದೆಂಬುದನ್ನು ಮೊದಲು ನೋಡಬೇಕು. ಹಾರ್ಮೋನಿನ ಕರೆ ಬಂದ ಮೇಲೆ ಹೊಸ ಮೆಗಾಕ್ಯಾರಿಯೋಸೈಟ್ ಹಿಗ್ಗಿ, ಪೊರೆ ಕೂಡಿಟ್ಟು, ಉದುರಿಸುವುದಕ್ಕೆ ಸುಮಾರು ಐದು ದಿನ ಬೇಕು. ಎಲ್ಟ್ರೊಂಬೊಪಾಗ್‌ನಂಥ ಔಷಧ ಕೊಟ್ಟಾಗಲೂ ಎಣಿಕೆ ಏರತೊಡಗುವುದು ಸುಮಾರು ಐದನೇ ದಿನದ ನಂತರ, ಶಿಖರ ಮುಟ್ಟುವುದು ಎರಡು ವಾರದ ಹೊತ್ತಿಗೆ. ಡೆಂಗ್ಯೂವಿನಲ್ಲಿ ಜ್ವರದ ಆರಂಭದ ದಿನಗಳಲ್ಲೇ ಮಜ್ಜೆ ಕುಗ್ಗಿ, ಜ್ವರ ಇಳಿಯುವ ಹೊತ್ತಿಗೆ ಚೇತರಿಸಿಕೊಳ್ಳುತ್ತದೆ, ಅದರ ಫಲ ಎಣಿಕೆಯಲ್ಲಿ ಕಾಣುವುದು ಅದಾದ ಮೇಲೆ. ಜ್ವರದ ಆರನೇ ದಿನ ರಸ ಕುಡಿಸಿ ಎಂಟನೇ ದಿನ ಸಂಖ್ಯೆ ಏರಿದರೆ ಕೀರ್ತಿ ರಸಕ್ಕೆ ಹೋಗುತ್ತದೆ, ಆದರೆ ಅಂದು ಉದುರಿದ ಪ್ಲೇಟ್‌ಲೆಟ್‌ಗಳ ತಾಯಿಕೋಶಗಳು ರಸಕ್ಕಿಂತ ಮೊದಲೇ ಬೆಳೆಯತೊಡಗಿದ್ದವು.

ಕೆಲವು ಯಂತ್ರಗಳು ಎಣಿಕೆಯ ಜೊತೆಗೆ IPF ಎಂಬ ಅಳತೆಯನ್ನೂ ಕೊಡುತ್ತವೆ. ಆಗಷ್ಟೇ ಉದುರಿದ ಪ್ಲೇಟ್‌ಲೆಟ್‌ಗಳಲ್ಲಿ ತಾಯಿಕೋಶದ ಆರ್‌ಎನ್‌ಎ ಇನ್ನೂ ಉಳಿದಿರುತ್ತದೆ, ಅಂಥವು ಪ್ರತಿಶತ ಎಷ್ಟಿವೆ ಎಂಬುದನ್ನು ಅದು ಹೇಳುತ್ತದೆ. ಲೆಕ್ಕಕ್ಕಾಗಿ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಆರನೇ ದಿನ ಎಣಿಕೆ 28,000, IPF ಶೇ 6. ಏಳನೇ ದಿನ ಎಣಿಕೆ 30,000, IPF ಶೇ 16. ಒಟ್ಟು ಸಂಖ್ಯೆ ನಿಂತಲ್ಲೇ ನಿಂತಂತಿದೆ. ಆದರೆ ಹೊಸ ಪ್ಲೇಟ್‌ಲೆಟ್‌ಗಳು 1,680ರಿಂದ 4,800ಕ್ಕೆ, ಹತ್ತಿರಹತ್ತಿರ ಮೂರು ಪಟ್ಟು ಏರಿವೆ. ಮಜ್ಜೆ ಮತ್ತೆ ಉದುರಿಸತೊಡಗಿದೆ, ಒಂದೆರಡು ದಿನದಲ್ಲಿ ಒಟ್ಟು ಸಂಖ್ಯೆಯೂ ಏರುತ್ತದೆಂದು ನಿರೀಕ್ಷಿಸಬಹುದು. ಪ್ರತಿಶತವನ್ನಷ್ಟೇ ನೋಡಬಾರದು, ಏಕೆಂದರೆ ಹಳೆಯವು ನಾಶವಾದರೂ ಪ್ರತಿಶತ ಏರುತ್ತದೆ. ಎಣಿಕೆಯೊಂದಿಗೆ ಗುಣಿಸಿ ನೋಡಿದಾಗಲೇ ಹೊಸವು ನಿಜವಾಗಿ ಹೆಚ್ಚಿವೆಯೇ ಎಂಬುದು ತಿಳಿಯುತ್ತದೆ.

ಡೆಂಗ್ಯೂವಿನ ಅಪಾಯ ಪ್ಲೇಟ್‌ಲೆಟ್ ಸಂಖ್ಯೆಯೊಂದರಲ್ಲೇ ಇಲ್ಲ. ರಕ್ತನಾಳಗಳಿಂದ ದ್ರವ ಸೋರುವುದೇ ದೊಡ್ಡ ಅಪಾಯ, ಆದ್ದರಿಂದ ಹೊಟ್ಟೆನೋವು, ಬಿಡದ ವಾಂತಿ, ರಕ್ತಸ್ರಾವ, ಮಂಕು ಕಂಡರೆ ಸಂಖ್ಯೆ ಎಷ್ಟೇ ಇರಲಿ ಕೂಡಲೇ ವೈದ್ಯರಿಗೆ ತೋರಿಸಬೇಕು.

ವರದಿಯಲ್ಲಿ 60,000 ಇದೆ, ಆದರೆ ವರ್ಷಗಳಿಂದ ಯಾವ ತೊಂದರೆಯೂ ಇಲ್ಲ. ಹೇಗೆ ಸಾಧ್ಯ?

ಎರಡು ಸಾಧ್ಯತೆಗಳನ್ನು ಮೊದಲು ತಳ್ಳಿಹಾಕಬೇಕು. ರಕ್ತ ಹೆಪ್ಪುಗಟ್ಟದಂತೆ ಕೊಳವೆಯಲ್ಲಿ ಹಾಕುವ ಇಡಿಟಿಎ ಕೆಲವರ ರಕ್ತದಲ್ಲಿ ಪ್ಲೇಟ್‌ಲೆಟ್‌ಗಳನ್ನು ಗುಂಪುಗೂಡಿಸುತ್ತದೆ, ಯಂತ್ರ ಗುಂಪನ್ನು ಎಣಿಸಲಾರದು. ಸಿಟ್ರೇಟ್ ಕೊಳವೆಯಲ್ಲಿ ಮತ್ತೆ ತೆಗೆದು, ಸಿಟ್ರೇಟ್ ದ್ರವದಿಂದ ರಕ್ತ ತೆಳುವಾದುದಕ್ಕೆ 1.1ರಿಂದ ಗುಣಿಸಿದರೆ ನಿಜಸಂಖ್ಯೆ ಸಿಗುತ್ತದೆ.

ಎರಡನೆಯದು ಮೇಲೆ ಹೇಳಿದ ಉದುರುವ ಕೆಲಸದಲ್ಲೇ ಇರುವ ಹುಟ್ಟು ದೋಷ. MYH9 ಜೀನಿನ ದೋಷದಲ್ಲಿ, ಇಲ್ಲವೇ ಪ್ಲೇಟ್‌ಲೆಟ್ಟಿನ ಬಳೆಗೆ ಬೇಕಾದ ಬೀಟಾ-1 ಟ್ಯೂಬುಲಿನ್ನಿನ ದೋಷದಲ್ಲಿ, ಚಾಚುಗಳು ಸರಿಯಾಗಿ ಕವಲೊಡೆದು ಸಣ್ಣಗಾಗುವುದಿಲ್ಲ. ಕಡಿಮೆ ಸಂಖ್ಯೆಯ, ಬಹಳ ದೊಡ್ಡ ತುಣುಕುಗಳು ಉದುರುತ್ತವೆ. ಗಾತ್ರ ನೋಡಿ ಎಣಿಸುವ ಯಂತ್ರವು ಅವುಗಳಲ್ಲಿ ಹಲವನ್ನು ಕೆಂಪುಕಣಗಳೆಂದು ಬಿಟ್ಟುಬಿಡುವುದರಿಂದ ನಿಜಕ್ಕಿಂತಲೂ ಕಡಿಮೆ ಸಂಖ್ಯೆ ಬರುತ್ತದೆ. ರಕ್ತಲೇಪವನ್ನು ಕಣ್ಣಾರೆ ನೋಡಿದರೆ ಕೆಂಪುಕಣದಷ್ಟೇ ದೊಡ್ಡ ಪ್ಲೇಟ್‌ಲೆಟ್‌ಗಳು ಕಾಣುತ್ತವೆ, MYH9 ದೋಷವಾದರೆ ನ್ಯೂಟ್ರೊಫಿಲ್ ಬಿಳಿಕಣಗಳೊಳಗೆ ತಿಳಿನೀಲಿ ಚುಕ್ಕೆಗಳೂ ಇರುತ್ತವೆ. ಇಂಥವರಲ್ಲಿ ಕೆಲವರಿಗೆ ಮುಂದೆ ಕಿವಿ ಮತ್ತು ಮೂತ್ರಪಿಂಡದ ತೊಂದರೆ ಬರಬಹುದು, ಮನೆಯ ಇತರರಲ್ಲೂ ಇದೇ ದೋಷ ಇರಬಹುದು. ಇದನ್ನು ಐಟಿಪಿ ಎಂದು ತಿಳಿದು ಸ್ಟೀರಾಯ್ಡ್ ಕೊಡುವುದರಿಂದ ಪ್ರಯೋಜನವಿಲ್ಲ, ಆದ್ದರಿಂದ ಲೇಪ ನೋಡದೆ ಚಿಕಿತ್ಸೆ ಶುರುಮಾಡಬಾರದೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಈ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ದಾನಿಗಳಿಲ್ಲದೆ ಪ್ಲೇಟ್‌ಲೆಟ್ ತಯಾರಿಸಬಹುದಲ್ಲವೇ?

ಮಾಡಿದ್ದಾರೆ, ಆದರೆ ಅಗ್ಗವಾಗಿ ಅಲ್ಲ. ಕೋಶವನ್ನು ಬೆಳೆಸುವುದಕ್ಕಿಂತ ಅದರಿಂದ ಉದುರಿಸುವುದೇ ಕಷ್ಟವಾಯಿತು: ನಿಂತ ದ್ರವದಲ್ಲಿ ಬೆಳೆಸಿದ ಮೆಗಾಕ್ಯಾರಿಯೋಸೈಟ್ ಸಾವಿರದ ಜಾಗದಲ್ಲಿ ಕೆಲವೇ ಪ್ಲೇಟ್‌ಲೆಟ್ ಕೊಡುತ್ತದೆ. ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ಕೋಜಿ ಎಟೊ ಅವರ ತಂಡವು ಇಲಿಯ ಮಜ್ಜೆಯಲ್ಲಿ ಪ್ಲೇಟ್‌ಲೆಟ್ ಉದುರುವ ಜಾಗದ ರಕ್ತ ಸುಳಿಸುಳಿಯಾಗಿ ಹರಿಯುವುದನ್ನು ಗಮನಿಸಿ, ಅಂಥದೇ ಸುಳಿಗಳನ್ನು ಎಬ್ಬಿಸುವ ತೊಟ್ಟಿಯನ್ನು ರೂಪಿಸಿತು. 2018ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಎಂಟು ಲೀಟರಿನ ತೊಟ್ಟಿಯೊಂದರಿಂದ 10,000 ಕೋಟಿ ಪ್ಲೇಟ್‌ಲೆಟ್‌ಗಳು ಬಂದವು. ನಂತರ, ಹೊಂದುವ ದಾನಿ ಸಿಗದ ಒಬ್ಬ ರೋಗಿಗೆ ಅವರದೇ ಕೋಶಗಳಿಂದ ಬೆಳೆಸಿದ ಪ್ಲೇಟ್‌ಲೆಟ್‌ಗಳನ್ನು ಕೊಟ್ಟು, ಅದು ಸುರಕ್ಷಿತವೇ ಎಂದು ಪರೀಕ್ಷಿಸಲಾಯಿತು. ಒಬ್ಬ ದಾನಿಯಿಂದ ಯಂತ್ರದ ಮೂಲಕ ಒಂದೆರಡು ಗಂಟೆಯಲ್ಲಿ ತೆಗೆಯುವ ಒಂದು ಚೀಲದಲ್ಲಿ ಸುಮಾರು 30,000 ಕೋಟಿ ಪ್ಲೇಟ್‌ಲೆಟ್‌ಗಳಿರುತ್ತವೆ. ಆ ಪ್ರಮಾಣಕ್ಕೆ ಇಂಥ ಮೂರು ತೊಟ್ಟಿ ಬೇಕು.